ಮೆಟ್ಟಿಲೆಷ್ಟು ಎಂದು ಹೇಳಿ, ಕಾಲಿಗೇನು ಎಂದು ಕೇಳಬೇಡಿ

ನನಗೆ ಪರಿಚಯದ ನಿವೃತ್ತ ಶಿಕ್ಷಕಿಯೊಬ್ಬರು ಎರಡು ದಿನದ ಕಥಾ ಕಮ್ಮಟಕ್ಕೆ ಮೊಬೈಲಿನಲ್ಲೇ ಹೆಸರು ನೋಂದಾಯಿಸಿದರು. ಹೆಸರು, ಊರು, ವಯಸ್ಸು ತುಂಬಿದ ಮೇಲೆ ಒಂದು ಪ್ರಶ್ನೆ ಬಂತು: ‘ನೀವು ಅಂಗವಿಕಲರೇ? ಹೌದು / ಇಲ್ಲ’. ಅದರ ಕೆಳಗೆ, ‘ಹೌದಾದರೆ ಶೇಕಡಾ ಎಷ್ಟು? ಪ್ರಮಾಣಪತ್ರ ಲಗತ್ತಿಸಿ’. ಅರವತ್ತೆಂಟು ವರ್ಷದ ಮೇಡಂ ‘ಇಲ್ಲ’ ಒತ್ತಿ ಮುಂದೆ ಹೋದರು. ಅವರ ಎರಡೂ ಮಂಡಿ ಸವೆದಿವೆ. ಸಮತಟ್ಟು ನೆಲದಲ್ಲಿ ನಿಧಾನಕ್ಕೆ ನಡೆಯುತ್ತಾರೆ, ಮೆಟ್ಟಿಲು ಮಾತ್ರ ಆಗುವುದಿಲ್ಲ. ಆದರೆ ಅವರ ಲೆಕ್ಕದಲ್ಲಿ ಅದು ಮಂಡಿನೋವು, ಅಂಗವಿಕಲತೆ ಅಲ್ಲ.

ಕಮ್ಮಟದ ದಿನ ಹೋಗಿ ನೋಡಿದರೆ ಸಭಾಂಗಣ ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಇಬ್ಬರು ಹುಡುಗರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋದರು. ‘ಪಲ್ಲಕ್ಕಿ ಉತ್ಸವ ಆಯ್ತಪ್ಪಾ’ ಎಂದು ಮೇಡಂ ನಕ್ಕರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೆಳಗಿಳಿದಾಗ ಮಾತ್ರ ‘ನನಗೆ ಹಸಿವಿಲ್ಲ’ ಎಂದು ಅಲ್ಲೇ ಕೂತರು.

ಆ ಪ್ರಶ್ನೆ ಎರಡು ಕಡೆ ಸೋತಿತು. ಕೇಳಬಾರದ್ದನ್ನು ಕೇಳಿತು, ಬೇಕಾದದ್ದನ್ನು ತಿಳಿಯಲಿಲ್ಲ. ಮೇಡಂ ಪ್ರಮಾಣಪತ್ರ ಇದ್ದವರೇ ಆಗಿದ್ದು, ‘ಹೌದು, ಶೇಕಡಾ 60’ ಎಂದು ಬರೆದಿದ್ದರೂ ಸಂಘಟಕರಿಗೆ ಏನು ಗೊತ್ತಾಗುತ್ತಿತ್ತು? ಅರವತ್ತು ಎಂದರೆ ಕಣ್ಣೋ, ಕಿವಿಯೋ, ಕಾಲೋ? ಕಾಲೇ ಆದರೂ ಅವರು ಊರುಗೋಲಲ್ಲಿ ಬರುತ್ತಾರೋ, ಗಾಲಿಕುರ್ಚಿಯಲ್ಲೋ? ಶೇಕಡಾವಾರಿಗೆ ಅದರದೇ ಜಾಗವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡುತ್ತದೆ. ಉದ್ಯೋಗ ಮೀಸಲಾತಿಯಂಥ ಸೌಲಭ್ಯಗಳಿಗೆ ಶೇಕಡಾ 40ರ ಗಡಿ ಇಡುತ್ತದೆ. ಸರ್ಕಾರಿ ನೌಕರಿಗೆ ಅರ್ಜಿ ಹಾಕುವಾಗ ಆ ಅಂಕಿ ಬೇಕು. ಕಮ್ಮಟದಲ್ಲಿ ಎರಡು ದಿನ ಕೂರುವುದಕ್ಕೆ ಬೇಕಿಲ್ಲ. ಯಾವುದೋ ಅರ್ಜಿ ನಮೂನೆಯ ಸಾಲನ್ನು ಯಾರೋ ಎತ್ತಿ ಇಲ್ಲಿ ಅಂಟಿಸಿದ್ದಾರೆ, ಅಷ್ಟೇ.

ಜನಗಣತಿಯವರಿಗೆ ಈ ತೊಡಕು ಹಳೆಯದು. 2011ರ ಜನಗಣತಿಯಲ್ಲಿ ವೈಕಲ್ಯ ಇದೆಯೇ ಎಂದು ನೇರವಾಗಿ ಕೇಳಿದಾಗ ದೇಶದಲ್ಲಿ 2.68 ಕೋಟಿ ಜನ, ಅಂದರೆ ಶೇಕಡಾ 2.21ರಷ್ಟು ಮಂದಿ ಲೆಕ್ಕಕ್ಕೆ ಸಿಕ್ಕರು. ವಿಶ್ವಸಂಸ್ಥೆಯ ಅಂಕಿಅಂಶ ಆಯೋಗದಡಿ 2001ರಲ್ಲಿ ಹುಟ್ಟಿದ ವಾಷಿಂಗ್ಟನ್ ಗುಂಪು ಇದಕ್ಕೆ ಬೇರೆ ದಾರಿ ಹುಡುಕಿತು. ಅವರ ಆರು ಪ್ರಶ್ನೆಗಳಲ್ಲಿ ವೈಕಲ್ಯ ಎಂಬ ಪದವೇ ಬರುವುದಿಲ್ಲ. ಕನ್ನಡಕ ಹಾಕಿಕೊಂಡರೂ ನೋಡಲು ಕಷ್ಟವೇ, ನಡೆಯಲು ಅಥವಾ ಮೆಟ್ಟಿಲು ಹತ್ತಲು ಕಷ್ಟವೇ ಎಂದು ಕೇಳುತ್ತಾರೆ. ಏನೂ ಕಷ್ಟವಿಲ್ಲ, ಸ್ವಲ್ಪ ಕಷ್ಟ, ಬಹಳ ಕಷ್ಟ, ಆಗುವುದೇ ಇಲ್ಲ ಎಂಬ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಮಂಡಿನೋವಿನ ಮೇಡಂ ಇದಕ್ಕೆ ತಡವರಿಸದೆ ಉತ್ತರ ಕೊಡುತ್ತಿದ್ದರು. ಹಾಗೆಂದು ಈ ಆರನ್ನೂ ತಂದು ನೋಂದಣಿ ಫಾರಂಗೆ ಹಾಕಬಾರದು. ಅವು ದೇಶದ ಲೆಕ್ಕ ತೆಗೆಯಲು ಮಾಡಿದವು. ನೆನಪಿನ ಶಕ್ತಿ ಹೇಗಿದೆ, ಸ್ನಾನ ಮಾಡಲು ಕಷ್ಟವೇ ಎಂದು ಕಮ್ಮಟದವರು ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ನೋಂದಣಿಗೆ ಹತ್ತಿರದ ಮಾದರಿ ವಿಮಾನಯಾನದಲ್ಲಿದೆ. ಟಿಕೆಟ್ ಮಾಡುವಾಗ ಗಾಲಿಕುರ್ಚಿ ಬೇಕೆಂದರೆ ಆ ಕೋರಿಕೆ ನಾಲ್ಕಕ್ಷರದ ಸಂಕೇತವಾಗಿ ಟಿಕೆಟ್ಟಿನ ದಾಖಲೆಗೆ ಸೇರುತ್ತದೆ. `WCHR` ಎಂದಿದ್ದರೆ ಈ ಪ್ರಯಾಣಿಕರು ಮೆಟ್ಟಿಲು ಹತ್ತಬಲ್ಲರು, ವಿಮಾನದೊಳಗೆ ನಡೆಯಬಲ್ಲರು, ನಿಲ್ದಾಣದ ಉದ್ದ ದಾರಿಗೆ ಮಾತ್ರ ಕುರ್ಚಿ ಬೇಕು. `WCHS` ಎಂದಿದ್ದರೆ ಮೆಟ್ಟಿಲು ಆಗದು, ಬಾಗಿಲಿನಿಂದ ಸೀಟಿನವರೆಗೆ ನಡೆಯಬಲ್ಲರು. `WCHC` ಎಂದರೆ ಸೀಟಿನ ತನಕ ಕರೆದೊಯ್ದು ಕೂರಿಸಬೇಕು. ಕೊನೆಯ ಅಕ್ಷರಗಳು ಕ್ರಮವಾಗಿ ರ‍್ಯಾಂಪ್, ಸ್ಟೆಪ್ಸ್, ಕ್ಯಾಬಿನ್ ಎಂಬುದನ್ನು ಸೂಚಿಸುತ್ತವೆ. ಮೂರೂ ಪ್ರಯಾಣದ ದಾರಿಯ ಜಾಗಗಳು. ಮೂರರಲ್ಲಿ ಒಂದೂ ದೇಹದ ಭಾಗವಲ್ಲ, ಕಾಯಿಲೆಯೂ ಅಲ್ಲ. ಪೋಲಿಯೋ ಆದವರು, ಕಾಲು ಮುರಿದವರು, ಮೊನ್ನೆಯಷ್ಟೇ ಹೃದಯದ ಶಸ್ತ್ರಚಿಕಿತ್ಸೆ ಆದವರು ಒಂದೇ ಸಂಕೇತದಲ್ಲಿ ಹೋಗಬಹುದು. ಕುರ್ಚಿ ತಳ್ಳುವ ಹುಡುಗನಿಗೆ ಎಲ್ಲಿಂದ ಎಲ್ಲಿಗೆ ಎಂದು ತಿಳಿದರೆ ಸಾಕು.

ಇದೇ ವಿಮಾನಯಾನ ಊಟದ ವಿಷಯದಲ್ಲಿ ಎಡವಿತು. ಅಲ್ಲಿನ ಊಟಕ್ಕೂ ನಾಲ್ಕಕ್ಷರದ ಸಂಕೇತಗಳಿವೆ: `DBML` ಮಧುಮೇಹಿಗಳಿಗೆ, `GFML` ಗೋಧಿಯ ಗ್ಲುಟೆನ್ ಇಲ್ಲದ್ದು, `MOML` ಮುಸ್ಲಿಂ ಊಟ, `KSML` ಯಹೂದಿಗಳ ಕೋಷರ್ ಊಟ, `HNML` ಹಿಂದೂ ಊಟ, `VJML` ಜೈನ ಊಟ. ತಟ್ಟೆಯಲ್ಲಿ ಏನಿರಬೇಕು ಎಂದು ಹೇಳಬೇಕಾದ ಸಂಕೇತ ತಿನ್ನುವವರ ಧರ್ಮವನ್ನೋ ಕಾಯಿಲೆಯನ್ನೋ ಹೇಳಿಬಿಡುತ್ತದೆ. ಪ್ರಯಾಣಿಕರ ಟಿಕೆಟ್ ದಾಖಲೆಗಳನ್ನು ಕೆನಡಾಕ್ಕೆ ಕೊಡುವ ಒಪ್ಪಂದದ ಕರಡು ಯುರೋಪಿಯನ್ ಒಕ್ಕೂಟದ ನ್ಯಾಯಾಲಯದ ಮುಂದೆ ಬಂದಾಗ, 2017ರ ಜುಲೈ 26ರಂದು ನ್ಯಾಯಾಲಯ ಆ ಕರಡು ಇದ್ದ ಹಾಗೆ ಒಪ್ಪಿತವಲ್ಲ ಎಂದಿತು. ಈ ದಾಖಲೆಗಳನ್ನು ಒಟ್ಟಾಗಿ ನೋಡಿದರೆ ಪ್ರಯಾಣಿಕರ ಆಹಾರ ಪದ್ಧತಿ, ಆರೋಗ್ಯ ಸ್ಥಿತಿಯಂಥವು ಹೊರಬೀಳಬಹುದು ಎಂಬುದನ್ನೂ ಅದು ಗುರುತಿಸಿತು.

ನಮ್ಮ ಊರಿನ ಕಮ್ಮಟದ ಫಾರಂ ಯಾವ ದೇಶದ ಗಡಿಯನ್ನೂ ದಾಟುವುದಿಲ್ಲ, ನಿಜ. ವಾಟ್ಸಾಪ್ ಗುಂಪಿನ ಗಡಿ ದಾಟುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಒಂದು ಉದಾಹರಣೆ ಹಿಡಿದು ನೋಡೋಣ. ಧಾರವಾಡದಲ್ಲಿ ಎರಡು ದಿನದ ಕಮ್ಮಟ, 120 ಜನ, ವಸತಿ ಮತ್ತು ಊಟ ಸಂಘಟಕರದು ಎಂದಿಟ್ಟುಕೊಳ್ಳಿ. ಫಾರಂ ಬರೆಯಲು ಕೂರುವ ಮೊದಲು ಸಂಘಟಕರಲ್ಲಿ ಒಬ್ಬರು ಅಳತೆ ಟೇಪು ಹಿಡಿದು ಕಟ್ಟಡಕ್ಕೆ ಒಂದು ಸುತ್ತು ಹಾಕಬೇಕು. ಅರ್ಧ ಗಂಟೆಯ ಕೆಲಸ. ಮುಂಬಾಗಿಲಿಗೆ ಮೂರು ಮೆಟ್ಟಿಲಿವೆ, ಒಂದೊಂದೂ 15 ಸೆಂಟಿಮೀಟರ್ ಎತ್ತರ, ಒಟ್ಟು 45. ಅಷ್ಟಕ್ಕೆ ಹಲಗೆ ಹಾಕಿದರಾಯ್ತು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಇಳಿಜಾರಿಗೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕ ಒಂದಕ್ಕೆ ಹನ್ನೆರಡು, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. 45 ಸೆಂಟಿಮೀಟರಿಗೆ 5.4 ಮೀಟರ್ ಉದ್ದದ ರ‍್ಯಾಂಪ್ ಬೇಕು. ಎರಡು ಮೀಟರಿನ ಹಲಗೆ ಇಟ್ಟರೆ ಅದು ಜಾರುಬಂಡಿ. ಗಾಲಿಕುರ್ಚಿ ಹತ್ತುವಾಗ ಹಿಂದಕ್ಕೆ ಮಗುಚಬಹುದು. ಹಾಗಾದರೆ ಪಕ್ಕದ ಬಾಗಿಲು ನೋಡಿ. ಅದಕ್ಕೆ ಮೆಟ್ಟಿಲಿಲ್ಲ, ಅಗಲ 85 ಸೆಂಟಿಮೀಟರ್. ಸಾಮಾನ್ಯ ಗಾಲಿಕುರ್ಚಿ ಸುಮಾರು 65ರಿಂದ 70 ಸೆಂಟಿಮೀಟರ್ ಅಗಲವಿರುತ್ತದೆ, ಚಕ್ರ ತಿರುಗಿಸುವ ಕೈಗಳಿಗೆ ಇನ್ನಷ್ಟು ಜಾಗ ಬೇಕು. 85ರಲ್ಲಿ ನುಸುಳಬಹುದು. ಶೌಚಾಲಯದ ಬಾಗಿಲು 70 ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಇಷ್ಟನ್ನು ಅಳೆದುಕೊಂಡವರು ಫಾರಂನಲ್ಲಿ ಮೊದಲು ತಮ್ಮ ವಿಷಯ ಹೇಳಬಹುದು:

‘ಸಭಾಂಗಣ ನೆಲಮಹಡಿಯಲ್ಲಿದೆ. ಮುಂಬಾಗಿಲಿಗೆ ಮೂರು ಮೆಟ್ಟಿಲಿವೆ. ಪಕ್ಕದ ಬಾಗಿಲಿಗೆ ಮೆಟ್ಟಿಲಿಲ್ಲ, ಅಗಲ 85 ಸೆಂ.ಮೀ. ಊಟದ ಮನೆ 60 ಮೀಟರ್ ದೂರ, ದಾರಿಗೆ ಜಲ್ಲಿ ಹಾಕಿದ್ದಾರೆ. ವೆಸ್ಟರ್ನ್ ಟಾಯ್ಲೆಟ್ ಒಂದಿದೆ, ಬಾಗಿಲಿನ ಅಗಲ 70 ಸೆಂ.ಮೀ. ವಸತಿ ಕೋಣೆಗಳು ಮೊದಲ ಮಹಡಿಯಲ್ಲಿವೆ, ಲಿಫ್ಟ್ ಇಲ್ಲ. ನೆಲಮಹಡಿಯಲ್ಲಿ ಎರಡು ಕೋಣೆಗಳಿವೆ.’

ಆಮೇಲೆ ಪ್ರಶ್ನೆ: ‘ಇದರಲ್ಲಿ ನಿಮಗೆ ಅಡ್ಡಿಯಾಗುವುದು ಇದೆಯೇ? ನಾವು ಏನು ಮಾಡಿದರೆ ಅನುಕೂಲ?’ ಉತ್ತರಕ್ಕೆ ಕೆಲವು ಟಿಕ್ ಚೌಕಗಳು: ಮೆಟ್ಟಿಲಿಲ್ಲದ ದಾರಿ ಬೇಕು, ನೆಲಮಹಡಿಯ ಕೋಣೆ ಬೇಕು, ಗೇಟಿನಿಂದ ಸಭಾಂಗಣಕ್ಕೆ ಗಾಲಿಕುರ್ಚಿ ಬೇಕು, ನನ್ನ ಗಾಲಿಕುರ್ಚಿಯಲ್ಲೇ ಕೂರುತ್ತೇನೆ, ಜಾಗ ಬಿಡಿ, ಸಹಾಯಕ್ಕೆ ಒಬ್ಬರನ್ನು ಕರೆತರುತ್ತೇನೆ, ಬೇರೆ ಏನಾದರೂ, ಸದ್ಯಕ್ಕೆ ಏನೂ ಬೇಡ.

ನೆಲಮಹಡಿಯ ಕೋಣೆಗೆ ಟಿಕ್ ಹಾಕಿದವರು ಗರ್ಭಿಣಿಯಿರಬಹುದು, ಕೈಗೂಸಿನ ತಾಯಿಯಿರಬಹುದು, ನಮ್ಮ ಮೇಡಂ ಇರಬಹುದು. ಯಾರೆಂದು ತಿಳಿದರೂ ಯಾಕೆಂದು ಸಂಘಟಕರಿಗೆ ತಿಳಿಯುವುದಿಲ್ಲ, ತಿಳಿಯಬೇಕಾದ್ದೂ ಇಲ್ಲ. ನನ್ನ ಅನುಭವದಲ್ಲಿ ಫಾರಂಗಳು ಮೂಗು ತೂರಿಸುವುದು ಕೆಟ್ಟ ಕುತೂಹಲದಿಂದಲ್ಲ, ಸೋಮಾರಿತನದಿಂದ. ತಮ್ಮ ಕಟ್ಟಡವನ್ನು ನೋಡದವರು ಬರುವವರ ದೇಹವನ್ನು ನೋಡಹೊರಡುತ್ತಾರೆ.

ಮೇಲಿನ ಪಟ್ಟಿಯಲ್ಲಿ ‘ಗಾಲಿಕುರ್ಚಿ ಬೇಕು’ ಮತ್ತು ‘ನನ್ನ ಗಾಲಿಕುರ್ಚಿಯಲ್ಲೇ ಕೂರುತ್ತೇನೆ’ ಎಂಬ ಎರಡನ್ನು ಬೇರೆ ಮಾಡಿದ್ದಕ್ಕೆ ಕಾರಣವಿದೆ. ‘ವ್ಹೀಲ್‌ಚೇರ್: ಹೌದು’ ಎಂದಷ್ಟೇ ಇದ್ದ ಪಟ್ಟಿ ಹಿಡಿದು ಸ್ವಯಂಸೇವಕರು ಆಸ್ಪತ್ರೆಯಿಂದ ಕುರ್ಚಿ ಬಾಡಿಗೆ ತರುತ್ತಾರೆ, ಬಂದವರು ತಮ್ಮ ಅಳತೆಗೆ ಮಾಡಿಸಿದ ಕುರ್ಚಿಯಲ್ಲೇ ಬಂದಿರುತ್ತಾರೆ, ಅವರಿಗೆ ಬೇಕಾದದ್ದು ಸಭೆಯಲ್ಲಿ ಜಾಗ. ಆ ಜಾಗ ಸುಮಾರು 90 ಸೆಂಟಿಮೀಟರ್ ಅಗಲ, 120 ಉದ್ದ. ಸಾಲಿನಲ್ಲಿ ಎರಡು ಕುರ್ಚಿ ತೆಗೆದರೆ ಅಗಲ ಸಿಗುತ್ತದೆ, ಹಿಂದಿನ ಸಾಲನ್ನು ಸ್ವಲ್ಪ ಸರಿಸಿದರೆ ಉದ್ದವೂ ಸಿಗುತ್ತದೆ. ಸಹಾಯಕ್ಕೆ ಬರುವವರ ವಿಷಯವೂ ಹೀಗೇ. ಅವರಿಗೊಂದು ಕುರ್ಚಿ, ಒಂದು ಊಟ, ಒಂದು ಹಾಸಿಗೆ ಬೇಕು. ಅವರಿಗೆ ಶುಲ್ಕ ಇದೆಯೋ ಇಲ್ಲವೋ ಎಂಬುದನ್ನು ಚೌಕದ ಪಕ್ಕದಲ್ಲೇ ಬರೆದುಬಿಡಿ. ಬರೆಯದಿದ್ದರೆ, ಎರಡು ಶುಲ್ಕ ಕಟ್ಟಬೇಕಾದೀತೆಂದು ಜನ ಬರುವುದನ್ನೇ ಬಿಡುತ್ತಾರೆ.

ಕಿವಿಯ ವಿಷಯ ಇದಕ್ಕಿಂತ ಸೂಕ್ಷ್ಮ. ‘ಶ್ರವಣದೋಷವಿದೆಯೇ’ ಎಂಬ ಒಂದೇ ಚೌಕಕ್ಕೆ ಮೂವರು ಟಿಕ್ ಹಾಕಿದರು ಎಂದುಕೊಳ್ಳಿ. ಒಬ್ಬರು ಎಪ್ಪತ್ತರ ಹಿರಿಯರು. ಕಿವಿಗೆ ಮಿಷನ್ ಹಾಕುತ್ತಾರೆ, ಎದುರಿಗೆ ಕೂತು ಮಾತಾಡಿದರೆ ಕೇಳುತ್ತದೆ, ದೊಡ್ಡ ಹಾಲ್‌ನಲ್ಲಿ ಎಲ್ಲ ಕಲಸಿಹೋಗುತ್ತದೆ. ಇನ್ನೊಬ್ಬರು ಹುಟ್ಟಿದಾಗಿನಿಂದ ಕಿವುಡರು, ಭಾರತೀಯ ಸನ್ನೆ ಭಾಷೆಯಲ್ಲಿ ಬೆಳೆದವರು. ಮೂರನೆಯವರು ಮೂವತ್ತರಲ್ಲಿ ಕಾಯಿಲೆ ಬಂದು ಕಿವಿ ಕಳೆದುಕೊಂಡವರು. ಸನ್ನೆ ಭಾಷೆ ಒಂದಿಷ್ಟೂ ಬಾರದು, ಕನ್ನಡ ಓದುವುದು ಮಾತ್ರ ಸಲೀಸು. ಸಂಘಟಕರು ‘ಮೂವರು ಶ್ರವಣದೋಷದವರಿದ್ದಾರೆ’ ಎಂದು ಕಷ್ಟಪಟ್ಟು ಸನ್ನೆ ಭಾಷೆಯ ದುಭಾಷಿಯನ್ನು ಕರೆಸಿದರೆ ಇಬ್ಬರಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಪರದೆಯ ಮೇಲೆ ಕನ್ನಡ ಅಕ್ಷರ ಮೂಡಿಸಿದರೆ ಮೂರನೆಯವರಿಗೆ ಹಬ್ಬ. ಎರಡನೆಯವರಿಗೆ ಅದು ಅರ್ಧಂಬರ್ಧವೇ ಆಗಬಹುದು, ಏಕೆಂದರೆ ಸನ್ನೆ ಭಾಷೆಗೆ ಅದರದೇ ವ್ಯಾಕರಣವಿದೆ, ಬರಹದ ಕನ್ನಡ ಅವರಿಗೆ ಆಮೇಲೆ ಕಲಿತ ಇನ್ನೊಂದು ಭಾಷೆ.

ಆದ್ದರಿಂದ ಇಲ್ಲಿಯೂ ಮೊದಲು ನಿಮ್ಮಲ್ಲಿರುವುದನ್ನು ಹೇಳಿ: ‘ಎಲ್ಲ ಗೋಷ್ಠಿಗಳಲ್ಲೂ ಮೈಕ್ ಇರುತ್ತದೆ. ಸಭಿಕರ ಪ್ರಶ್ನೆಗಳಿಗೂ ಮೈಕ್ ಕೊಡುತ್ತೇವೆ.’ ಆಮೇಲೆ, ‘ಗೋಷ್ಠಿಯನ್ನು ಅನುಸರಿಸಲು ಇವುಗಳಲ್ಲಿ ಯಾವುದು ಬೇಕು: ಮಾತಾಡುವವರ ಮುಖ ಕಾಣುವಂತೆ ಮುಂದಿನ ಸಾಲು, ಭಾಷಣದ ಬರಹ ಮುಂಚಿತವಾಗಿ, ಪರದೆಯ ಮೇಲೆ ಕನ್ನಡ ಅಕ್ಷರ, ಭಾರತೀಯ ಸನ್ನೆ ಭಾಷೆಯ ದುಭಾಷಿ, ಬೇರೆ’. ಕೊಡಲಾಗದ್ದನ್ನು ಪಟ್ಟಿಯಲ್ಲಿ ಹಾಕಬೇಡಿ. ಶ್ರವಣ ಸಾಧನಗಳಲ್ಲಿ ಕೆಲವಕ್ಕೆ ‘ಟಿ’ ಎಂಬ ಸ್ವಿಚ್ಚಿರುತ್ತದೆ. ಸಭಾಂಗಣದ ಸುತ್ತ ತಂತಿಯ ಕುಣಿಕೆ ಹಾಕಿದ್ದರೆ ಮೈಕಿನ ದನಿ ಕಾಂತಕ್ಷೇತ್ರದ ಮೂಲಕ ನೇರ ಆ ಸಾಧನಕ್ಕೆ ಬರುತ್ತದೆ, ಸುತ್ತಲ ಗದ್ದಲ ಬರುವುದಿಲ್ಲ. ಬಹಳ ಚೆಂದದ ಏರ್ಪಾಡು. ಆದರೆ ನಮ್ಮ ಕಲ್ಯಾಣಮಂಟಪಗಳಲ್ಲಿ ಅದನ್ನು ನಾನು ಕಂಡಿಲ್ಲ. ಬೇರೆ ದೇಶದ ಫಾರಂ ನೋಡಿ ನಕಲು ಮಾಡಿದವರು ‘ಹಿಯರಿಂಗ್ ಲೂಪ್ ಬೇಕೇ’ ಎಂದು ಕೇಳಿ, ಒಬ್ಬರು ಹೌದೆಂದಾಗ ಅದೇನೆಂದು ಹುಡುಕಾಡಿದ್ದನ್ನು ಕಂಡಿದ್ದೇನೆ.

ದುಭಾಷಿ ಬೇಕೆಂಬ ಉತ್ತರಕ್ಕೆ ಸಮಯ ಹಿಡಿಯುತ್ತದೆ. ದಿನವಿಡೀ ಗೋಷ್ಠಿಯಿದ್ದರೆ ಒಬ್ಬ ದುಭಾಷಿ ಸಾಲದು. ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಬದಲಾಯಿಸಿಕೊಳ್ಳಲು ಇಬ್ಬರು ಬೇಕು, ಇಲ್ಲದಿದ್ದರೆ ಆಯಾಸದಿಂದ ತಪ್ಪುಗಳು ಹೆಚ್ಚುತ್ತವೆ. ಅವರಿಗೆ ಭಾಷಣಕಾರರ ಹೆಸರು, ಕೃತಿಗಳ ಹೆಸರು ಮೊದಲೇ ಕೊಡಬೇಕು. ಹೀಗಾಗಿ ಆ ಚೌಕದ ಪಕ್ಕದಲ್ಲಿ ‘ಮೂರು ವಾರ ಮುಂಚೆ ತಿಳಿಸಿದರೆ ಏರ್ಪಾಡು ಮಾಡುತ್ತೇವೆ’ ಎಂದು ಗಡುವು ಬರೆಯುವುದು ಪ್ರಾಮಾಣಿಕ. ಬೇರೆ ಅನುಕೂಲಗಳಿಗೆ ಆ ಗಡುವು ಬೇಡ, ಮುಂದಿನ ಸಾಲಿನ ಕುರ್ಚಿಯನ್ನು ಅದೇ ಬೆಳಿಗ್ಗೆಯೂ ಕೊಡಬಹುದು.

ಫಾರಂನ ಅತಿ ದೊಡ್ಡ ಕಿವುಡುತನ ಬೇರೆಲ್ಲೋ ಇರುತ್ತದೆ. ಕೊನೆಯ ಸಾಲಿನಲ್ಲಿ, ‘ನಿಮ್ಮ ಅಗತ್ಯಗಳ ಬಗ್ಗೆ ಮಾತಾಡಲು ನಮ್ಮ ಸ್ವಯಂಸೇವಕರು ಫೋನ್ ಮಾಡುತ್ತಾರೆ’ ಎಂದು ಬರೆದಿರುತ್ತಾರೆ. ಫೋನು ಬರುತ್ತದೆ, ಎತ್ತುವುದಿಲ್ಲ, ಮೂರು ಸಲ ಮಾಡಿ ‘ಪ್ರತಿಕ್ರಿಯೆ ಇಲ್ಲ’ ಎಂದು ಪಟ್ಟಿಯಿಂದ ಹೊಡೆದುಹಾಕುತ್ತಾರೆ. ಇದಕ್ಕೆ ಔಷಧ ಸುಲಭ. ನೋಂದಾಯಿಸುವ 120 ಜನರಿಗೂ ಒಂದೇ ಪ್ರಶ್ನೆ ಕೇಳಿ: ‘ನಿಮ್ಮನ್ನು ಹೇಗೆ ಸಂಪರ್ಕಿಸಲಿ? ಕರೆ / ವಾಟ್ಸಾಪ್ ಸಂದೇಶ / ಎಸ್ಸೆಮ್ಮೆಸ್ / ಇಮೇಲ್’. ಆಫೀಸಿನಲ್ಲಿ ಕೂತವರು, ಫೋನಿನಲ್ಲಿ ಮಾತಾಡಲು ಬೇಜಾರುಪಡುವ ಹುಡುಗರು ಎಲ್ಲರೂ ಸಂದೇಶ ಎಂದೇ ಒತ್ತುತ್ತಾರೆ. ಅವರ ನಡುವೆ ಕಿವಿ ಕೇಳಿಸದವರೂ ಒತ್ತುತ್ತಾರೆ, ಯಾರ ಗಮನಕ್ಕೂ ಬೀಳದೆ.

ಇನ್ನು ಊಟ. ‘ವೆಜ್ / ನಾನ್‌ವೆಜ್’ ಎಂಬುದು ಫಾರಂನ ಅತ್ಯಂತ ಸಾಧು ಪ್ರಶ್ನೆಯಂತೆ ಕಾಣುತ್ತದೆ. ನಮ್ಮಲ್ಲಿ ಆ ಉತ್ತರದ ಹಿಂದೆ ಜಾತಿ ಹುಡುಕುವ ಕಣ್ಣುಗಳಿವೆ ಎಂಬುದು ಎಲ್ಲರಿಗೂ ಗೊತ್ತು. ಎಲ್ಲರಿಗೂ ಒಂದೇ ಸಸ್ಯಾಹಾರಿ ಊಟವೆಂದು ಮೊದಲೇ ತೀರ್ಮಾನವಾಗಿದ್ದರೆ ಕೇಳುವುದೇ ಬೇಡ. ಉತ್ತರದಿಂದ ಅಡುಗೆ ಬದಲಾಗದ ಪ್ರಶ್ನೆಯನ್ನು ಕೇಳಿ ಏನು ಮಾಡುವುದು?

ಇಲ್ಲೂ ಮೊದಲು ಬರಬೇಕಾದ್ದು ಮೆನು. ‘ಮಧ್ಯಾಹ್ನ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿಪುಡಿ, ಅನ್ನ, ಸಾರು, ಮೊಸರು. ರಾತ್ರಿ ಚಪಾತಿ, ಕಾಳು ಪಲ್ಯ, ಅನ್ನ, ಸಾಂಬಾರು. ಊಟ ಒಂದು ಗಂಟೆಗೆ, ರಾತ್ರಿ ಎಂಟಕ್ಕೆ. ಒಂದೇ ಅಡುಗೆಮನೆ, ಶೇಂಗಾ, ಗೋಧಿ, ಹಾಲು ಬಳಸುತ್ತಾರೆ.’ ಆಮೇಲೆ ಎರಡು ಪ್ರಶ್ನೆ. ‘ಇದರಲ್ಲಿ ನೀವು ತಿನ್ನದಿರುವುದು ಯಾವುದು?’ ಎಂಬುದು ಮೊದಲನೆಯದು. ಅದರ ಕೆಳಗೆ, ‘ಅದು ಸ್ವಲ್ಪ ತಾಗಿದರೂ ಅಪಾಯವೇ?’

ಈ ಎರಡನೆಯ ಪ್ರಶ್ನೆಯ ಮೇಲೆ ಅಡುಗೆಮನೆಯ ಕೆಲಸವೆಲ್ಲ ನಿಂತಿದೆ. ಬೆಳ್ಳುಳ್ಳಿ ತಿನ್ನದ ಜೈನರಿಗೆ, ಬದನೆಕಾಯಿ ಕಂಡರಾಗದ ನನ್ನಂಥವರಿಗೆ ಆ ಪದಾರ್ಥ ಬಡಿಸದಿದ್ದರೆ, ಅಥವಾ ಅದಿಲ್ಲದ ಇನ್ನೊಂದು ಪಲ್ಯ ಇದ್ದರೆ ಆಯಿತು. ಶೇಂಗಾ ಅಲರ್ಜಿ ಇದ್ದವರಿಗೆ ಚಟ್ನಿಪುಡಿ ಬಡಿಸಿದ ಚಮಚ ಪಲ್ಯಕ್ಕೆ ಹೋದರೂ ಉಸಿರು ಕಟ್ಟಬಹುದು. ಅವರಿಗೆ ಬೇರೆ ಪಾತ್ರೆ, ಬೇರೆ ಚಮಚ, ಮೊದಲೇ ಎತ್ತಿಟ್ಟ ಪಾಲು ಬೇಕು. ಯಾಕೆ ತಿನ್ನುವುದಿಲ್ಲ ಎಂಬುದು ವ್ರತವೋ, ಮತವೋ, ಕರುಳಿನ ಕಾಯಿಲೆಯೋ, ಅಡುಗೆಯವರಿಗೆ ಬೇಡ. ಏನು ಮತ್ತು ಎಷ್ಟು ಕಟ್ಟುನಿಟ್ಟು ಎಂಬುದು ಮಾತ್ರ ಬೇಕು.

ಒಂದು ಪದಾರ್ಥದ ಕಥೆ ಹೇಳಲೇಬೇಕು. ಗೋಧಿಯ ಗ್ಲುಟೆನ್ ಆಗದವರು ‘ಗೋಧಿ ತಿನ್ನುವುದಿಲ್ಲ, ಸ್ವಲ್ಪ ತಾಗಿದರೂ ತೊಂದರೆ’ ಎಂದು ಬರೆದರು ಎನ್ನಿ. ಅಡುಗೆಯವರು ಓದಿ, ‘ಅಯ್ಯೋ, ಅಷ್ಟೇ ತಾನೆ? ಚಪಾತಿ ಬಿಟ್ಟು ಅನ್ನ ಸಾಂಬಾರು ಊಟ ಮಾಡಲಿ’ ಎಂದರು. ಆ ಸಾಂಬಾರಿಗೆ ಬೀಳುವ ಇಂಗಿನ ಡಬ್ಬಿ ತಿರುಗಿಸಿ ನೋಡಿ. ಅಂಗಡಿಯಲ್ಲಿ ಸಿಗುವ ಪುಡಿ ಇಂಗು ಬಹುಪಾಲು ಶುದ್ಧ ಇಂಗಲ್ಲ, ಹಿಟ್ಟು ಮತ್ತು ಅಂಟು ಬೆರೆಸಿದ್ದು. ಆ ಹಿಟ್ಟು ಅನೇಕ ಡಬ್ಬಿಗಳಲ್ಲಿ ಗೋಧಿಯದು ಅಥವಾ ಮೈದಾದ್ದು. ಗ್ಲುಟೆನ್ ಇರುವ ಧಾನ್ಯ, ಶೇಂಗಾ ಮತ್ತು ಗೋಡಂಬಿಯಂಥ ಬೀಜಗಳು, ಹಾಲು, ಮೊಟ್ಟೆ, ಸೋಯಾ ಇತ್ಯಾದಿ ಇದ್ದರೆ ಪ್ಯಾಕೆಟ್ಟಿನ ಮೇಲೆ ಅಲರ್ಜಿ ಸೂಚನೆ ಬರೆಯಬೇಕೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮ ಹೇಳುತ್ತದೆ, ಹಾಗಾಗಿ ಡಬ್ಬಿ ಓದಿದರೆ ತಿಳಿಯುತ್ತದೆ. ಓದುವವರು ಬೇಕು. ‘ಗ್ಲುಟೆನ್ ಫ್ರೀ: 1’ ಎಂಬ ಸಾಲಿಗಿಂತ ‘ಗೋಧಿ, ಮೈದಾ, ರವೆ, ಪುಡಿ ಇಂಗು ಬೇಡ: 1 ಊಟ’ ಎಂಬ ಸಾಲನ್ನು ನಮ್ಮ ಅಡುಗೆಭಟ್ಟರು ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಾರೆ. ಆಗದಿದ್ದರೆ ಆಗುವುದಿಲ್ಲ ಎಂದು ಮೊದಲೇ ತಿಳಿಸುವುದು ಮೇಲು; ಅವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಬಿಸಿ ಮಾಡಲು ಒಂದು ಒಲೆ ಕೊಡಿ.

ಊಟದ ಹೊತ್ತನ್ನು ಮೆನುವಿನಲ್ಲೇ ಬರೆದಿದ್ದೇಕೆಂದು ಸಕ್ಕರೆ ಕಾಯಿಲೆಯ ಮನೆಯವರಿಗೆ ಹೇಳಬೇಕಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಿಹಿ ಇದೆಯೋ ಇಲ್ಲವೋ ಎಂಬಷ್ಟೇ ಮುಖ್ಯ ಊಟ ಒಂದಕ್ಕೋ ಎರಡೂವರೆಗೋ ಎಂಬುದು. ‘ಮಧುಮೇಹ ಇದೆಯೇ’ ಎಂದು ಕೇಳುವ ಬದಲು ಒಂದು ಗಂಟೆ ಎಂದು ಬರೆದು, ಆ ಒಂದು ಗಂಟೆಗೆ ಬಡಿಸಿದರೆ ಸಾಕು. ಅಧ್ಯಕ್ಷರ ಭಾಷಣ ಮುಗಿಯುವವರೆಗೆ ಕಾಯುವುದು ನಮ್ಮ ಸಭೆಗಳ ಹಳೆಯ ರೋಗ.

ತುಂಬಿದ ಫಾರಂ ಎಲ್ಲಿಗೆ ಹೋಗುತ್ತದೆ? ವಾಟ್ಸಾಪ್ ಗುಂಪಿನ ಮಾತು ಈಗ ಬಂತು. ಗೂಗಲ್ ಫಾರ್ಮ್ಸ್‌ನ ಉತ್ತರಗಳು ಒಂದು ಹಾಳೆಯಲ್ಲಿ ಸಾಲಾಗಿ ಬೀಳುತ್ತವೆ: ಹೆಸರು, ಫೋನು, ವಿಳಾಸ, ಅದರ ಪಕ್ಕದಲ್ಲೇ ‘ಸ್ವಲ್ಪ ತಾಗಿದರೂ ಅಪಾಯ’. ಕಮ್ಮಟಕ್ಕೆ ಮೂರು ದಿನ ಇರುವಾಗ ಯಾರೋ ಉತ್ಸಾಹಿ ಆ ಇಡೀ ಹಾಳೆಯ ಫೋಟೋ ತೆಗೆದು ನಲವತ್ತು ಸ್ವಯಂಸೇವಕರ ಗುಂಪಿಗೆ ಹಾಕುತ್ತಾನೆ, ‘ಎಲ್ಲರೂ ಗಮನಿಸಿ’ ಎಂದು. ಪ್ರಶ್ನೆ ಎಷ್ಟೇ ನಯವಾಗಿದ್ದರೂ ಅಲ್ಲಿಗೆ ಅದರ ನಯವೆಲ್ಲ ಮುಗಿಯಿತು. ಇನ್ನೊಂದು ಗುಂಡಿ ಫಾರಂ ಒಳಗೇ ಇದೆ: ಸೆಟ್ಟಿಂಗ್‌ನಲ್ಲಿ `View results summary` ಎಂಬುದು ಆನ್ ಆಗಿದ್ದರೆ ಫಾರಂ ತುಂಬಿದ ಪ್ರತಿಯೊಬ್ಬರೂ ಉಳಿದವರ ಉತ್ತರಗಳ ಸಾರಾಂಶ ನೋಡಬಹುದು. ಅದು ಆಫ್ ಇದೆಯೇ ಎಂದು ಫಾರಂ ಬಿಡುವ ಮುನ್ನ ನೋಡಿ.

ನಮ್ಮ ಧಾರವಾಡದ ಉದಾಹರಣೆಯಲ್ಲಿ ಇಡೀ ಹಾಳೆಯನ್ನು ಒಬ್ಬರೇ ನೋಡಬೇಕು. ಅವರ ಹೆಸರು, ಮೊಬೈಲ್ ಸಂಖ್ಯೆ ಫಾರಂನಲ್ಲೇ ಇರಬೇಕು, ‘ಈ ಉತ್ತರಗಳನ್ನು ಓದುವವರು ಇವರು’ ಎಂದು. ಅವರು ಹಾಳೆಯಿಂದ ಮೂರು ಚೀಟಿ ಮಾಡುತ್ತಾರೆ. ಅಡುಗೆಯವರ ಚೀಟಿಯಲ್ಲಿ ಬರೀ ಎಣಿಕೆ: ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು 6, ಶೇಂಗಾ ತಾಗದಂತೆ ಬೇರೆ ಎತ್ತಿಟ್ಟದ್ದು 1, ಗೋಧಿ ಮತ್ತು ಪುಡಿ ಇಂಗು ಇಲ್ಲದ್ದು 1. ಎತ್ತಿಟ್ಟ ಊಟಕ್ಕೆ ಒಂದು ಸಂಖ್ಯೆ ಬರೆದಿಟ್ಟರೆ, ಬಂದವರು ಆ ಸಂಖ್ಯೆ ಹೇಳಿ ತೆಗೆದುಕೊಳ್ಳುತ್ತಾರೆ. ಕೋಣೆ ಹಂಚುವವರ ಚೀಟಿಯಲ್ಲಿ ಹೆಸರು ಮತ್ತು ‘ನೆಲಮಹಡಿ’ ಎಂಬ ಒಂದು ಪದ. ಸಭಾಂಗಣದವರ ಚೀಟಿಯಲ್ಲಿ ಜಾಗ: ಮೂರನೇ ಸಾಲಿನಲ್ಲಿ ಎರಡು ಕುರ್ಚಿಯ ಜಾಗ ಖಾಲಿ, ಮುಂದಿನ ಸಾಲಿನಲ್ಲಿ ಎರಡು ಸೀಟು. ಕೊರಳಿಗೆ ಹಾಕುವ ಗುರುತುಪಟ್ಟಿಯ ಮೇಲೆ ಇದ್ಯಾವುದೂ ಬೇಡ, ಬಣ್ಣದ ಚುಕ್ಕಿಯೂ ಬೇಡ. ಚುಕ್ಕಿಯ ಅರ್ಥ ಮೊದಲ ದಿನ ಕಾಫಿ ಹೊತ್ತಿಗೆ ಎಲ್ಲರಿಗೂ ತಿಳಿದಿರುತ್ತದೆ.

ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣೆಗೆ 2023ರಲ್ಲಿ ಬಂದ ಕಾಯ್ದೆಯ ಮೂಲ ತತ್ವವೂ ಇದೇ ದಿಕ್ಕಿನದು: ಹೇಳಿದ ಉದ್ದೇಶಕ್ಕೆ ಬೇಕಾದಷ್ಟೇ ಮಾಹಿತಿ, ಒಪ್ಪಿಗೆ ಪಡೆದು, ಉದ್ದೇಶ ಮುಗಿದ ಮೇಲೆ ಅಳಿಸುವುದು. ‘ಕಮ್ಮಟ ಮುಗಿದ ಹದಿನೈದು ದಿನದೊಳಗೆ ಅಳಿಸುತ್ತೇವೆ’ ಎಂದು ಫಾರಂನಲ್ಲಿ ಬರೆದು, ಹಾಗೆಯೇ ಮಾಡಿ. ಇಟ್ಟುಕೊಳ್ಳಬೇಕಾದದ್ದು ಹೆಸರಿಲ್ಲದ ಎಣಿಕೆಗಳನ್ನು, ಮತ್ತು ಬಾಗಿಲಿನ ಅಳತೆಗಳನ್ನು.

ಫಾರಂ ಸರಿಯಿತ್ತೋ ಇಲ್ಲವೋ ತಿಳಿಯುವುದು ಹೇಗೆ? ಜನಗಣತಿಯ ಶೇಕಡಾ 2.21ನ್ನೇ ಹಿಡಿದರೂ 120 ಜನರಲ್ಲಿ ಇಬ್ಬರೋ ಮೂವರೋ ಇರಬೇಕು. ಮಂಡಿನೋವು, ಮಂದ ಕಿವಿ, ಪಥ್ಯ ಎಲ್ಲ ಸೇರಿದರೆ ಇನ್ನೂ ಹೆಚ್ಚು. 120ರಲ್ಲಿ ಒಬ್ಬರೂ ಏನೂ ಕೇಳಲಿಲ್ಲ ಎಂದರೆ ಯಾರಿಗೂ ಏನೂ ಬೇಡ ಎಂದಲ್ಲ, ಕೇಳಿದ್ದು ಸರಿಯಿಲ್ಲ ಎಂದು. ‘ಸದ್ಯಕ್ಕೆ ಏನೂ ಬೇಡ’ ಎಂಬ ಚೌಕವನ್ನು ಇಟ್ಟಿದ್ದೂ ಇದಕ್ಕೇ. ಖಾಲಿ ಬಿಟ್ಟವರು ಬೇಡವೆಂದರೋ, ಪ್ರಶ್ನೆಯನ್ನೇ ನೋಡಲಿಲ್ಲವೋ ಗೊತ್ತಾಗುವುದಿಲ್ಲ. ಆ ಚೌಕಕ್ಕೆ ಟಿಕ್ ಹಾಕಿದವರು ಓದಿದ್ದಾರೆ. ಆದರೆ ಈ ಭಾಗವನ್ನು ಕಡ್ಡಾಯ ಮಾಡಬಾರದು. ಇನ್ನೊಂದು ಲೆಕ್ಕ ಕಮ್ಮಟದ ದಿನದ್ದು: ಮೊದಲೇ ತಿಳಿಯದೆ, ಅಲ್ಲೇ ಓಡಾಡಿ ಮಾಡಬೇಕಾಗಿ ಬಂದ ಏರ್ಪಾಡು ಎಷ್ಟು? ಅದನ್ನು ಬರೆದಿಟ್ಟರೆ ಮುಂದಿನ ಫಾರಂಗೆ ಯಾವ ಚೌಕ ಸೇರಿಸಬೇಕೆಂದು ತಿಳಿಯುತ್ತದೆ.

ಹೀಗೆ ಬರೆದ ಫಾರಂ ಒಂದನ್ನು ಕಳೆದ ವರ್ಷ ನಾವು ಕೆಲವರು ಸೇರಿ ಒಂದು ಸಣ್ಣ ಕಮ್ಮಟಕ್ಕೆ ಬಳಸಿದೆವು. ಮಂಡಿನೋವಿನ ಮೇಡಂ ನೆಲಮಹಡಿಯ ಕೋಣೆಗೆ ಟಿಕ್ ಹಾಕಿದ್ದರು. ‘ಬೇರೆ ಏನಾದರೂ’ ಎಂಬ ಜಾಗದಲ್ಲಿ ಅವರು ಒಂದು ಸಾಲು ಬರೆದಿದ್ದರು: ‘60 ಮೀಟರ್ ಜಲ್ಲಿ ದಾರಿ ಎಂದಿದ್ದೀರಿ. ನಡುವೆ ಎಲ್ಲಾದರೂ ಒಂದು ಕುರ್ಚಿ ಇಟ್ಟಿರಿ.’ ಮೂವತ್ತು ಮೀಟರಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟೆವು. ಎರಡೂ ದಿನ ಅದು ಖಾಲಿ ಇದ್ದದ್ದೇ ಇಲ್ಲ. ಮೇಡಂ ಅಲ್ಲಿಗೆ ಬರುವಷ್ಟರಲ್ಲಿ ಪ್ರತಿ ಸಲವೂ ಬೇರೆ ಯಾರೋ ಕೂತಿರುತ್ತಿದ್ದರು, ಎಬ್ಬಿಸಬೇಕಾಗುತ್ತಿತ್ತು.